ಮದರಸಾದ ಗೋಡೆ ಮತ್ತು f/22

"ನನ್ನ ಫೋಟೋಗಳು ದೊಡ್ಡದು ಮಾಡಿ ನೋಡಿದ್ರೆ ಮಂಜು ಮಂಜು. ಯಾವ ಶಾರ್ಪನಿಂಗ್ ಸಾಫ್ಟ್‌ವೇರ್ ತಗೊಳ್ಳಲಿ?"

ಸಾಫ್ಟ್‌ವೇರ್ ಬೇಡ. ನಾನೂ ಅಲ್ಲಿಂದಲೇ ಶುರು ಮಾಡಿ ದುಡ್ಡು ಕಳೆದುಕೊಂಡೆ.

ನಮ್ಮ ಬೀದರ್‌ನ ಮಹಮೂದ್ ಗವಾನ್ ಮದರಸಾ ಗೊತ್ತಲ್ವಾ, 1472ರದ್ದು. ಅದರ ಮುಂಗೋಡೆಯಲ್ಲಿ ಉಳಿದಿರುವ, ಅಕ್ಷರ, ಬಳ್ಳಿಗಳ ನೀಲಿ ಹೆಂಚಿನ ಕೆಲಸದ ಫೋಟೋ ಒಂದು ಲಾಡ್ಜ್‌ನವರಿಗೆ ಬೇಕಿತ್ತು, ಮೂರು ಅಡಿ ಅಗಲದ ಪ್ರಿಂಟ್. ಸಂಜೆ ಗೋಡೆ ನೆರಳಿನಲ್ಲಿತ್ತು. 18-55 ಕಿಟ್ ಲೆನ್ಸ್ ಅನ್ನು 55ಕ್ಕೆ ಇಟ್ಟು, ಅಪರ್ಚರ್ f/22 ಮಾಡಿದೆ. ನಂಬರ್ ದೊಡ್ಡದಾದಷ್ಟೂ ಶಾರ್ಪ್ ಅಂತ ನಂಬಿದ್ದೆ.

ತಪ್ಪಾಗಿದ್ದು ಅಲ್ಲೇ. ದೊಡ್ಡ ನಂಬರ್ ಕೊಡುವುದು ಹತ್ತಿರದ್ದು, ದೂರದ್ದು ಎರಡೂ ಫೋಕಸ್‌ನಲ್ಲಿರುವ ಆಳ. ನನ್ನ ಮುಂದಿದ್ದದ್ದು ಚಪ್ಪಟೆ ಗೋಡೆ, ಅದಕ್ಕೆ ಆಳ ಯಾಕೆ ಬೇಕು? ನಂಬರ್ ದೊಡ್ಡದಾದಷ್ಟೂ ಲೆನ್ಸಿನ ತೂತು ಸಣ್ಣದಾಗುತ್ತದೆ, ಅಷ್ಟು ಸಣ್ಣ ತೂತಿನಲ್ಲಿ ನುಗ್ಗುವಾಗ ಬೆಳಕು ಹರಡುತ್ತದೆ. ಚುಕ್ಕೆಯಾಗಿ ಬೀಳಬೇಕಾದದ್ದು ಬೊಟ್ಟಾಗಿ ಬೀಳುತ್ತದೆ. ಡಿಫ್ರಾಕ್ಷನ್ ಅನ್ನುವುದು ಇದನ್ನೇ. ಎಷ್ಟೇ ದುಬಾರಿ ಲೆನ್ಸ್ ಆದರೂ ತಪ್ಪಿಸಿಕೊಳ್ಳುವುದಿಲ್ಲ. ಬೆಳಕೂ ಕಡಿಮೆಯಾಗಿ ಐಎಸ್‌ಒ 100ರಲ್ಲಿ ಶಟರ್ 1/13 ಸೆಕೆಂಡಿಗೆ ಇಳಿದಿತ್ತು, ಕ್ಯಾಮೆರಾ ಕೈಯಲ್ಲೇ ಇತ್ತು. ಕೆಲವು ಫ್ರೇಮ್ ಅಲುಗಾಡಿದ್ದವು. ಅಲುಗಾಡದ ಫ್ರೇಮೂ ಮಂದವೇ. ಶಾರ್ಪನಿಂಗ್ ಎಳೆದೆ, ಅಕ್ಷರಗಳ ಸುತ್ತ ಬಿಳಿ ಅಂಚು ಬಂತು. ಬಳ್ಳಿಯ ಎಳೆಗಳು ಮಾತ್ರ ಬರಲಿಲ್ಲ. ಪ್ರಿಂಟ್ ವಾಪಸ್ ಬಂತು, ಖರ್ಚು ನನ್ನ ತಲೆಗೆ.

ಮರುದಿನ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋಗಿ f/8 ಇಟ್ಟೆ. ಮೂರು ಸ್ಟಾಪ್, ಅಂದ್ರೆ ಎಂಟು ಪಟ್ಟು ಬೆಳಕು ಸಿಕ್ಕಿತು, ಶಟರ್ 1/100. ಐಎಸ್‌ಒ 200 ಮಾಡಿದೆ, 1/200. 55ರ ಲೆನ್ಸಿಗೆ, ಸಣ್ಣ ಸೆನ್ಸರ್‌ನ ಕ್ಯಾಮೆರಾದಲ್ಲಿ, ಕೈಯಲ್ಲಿ ಹಿಡಿದರೆ 1/80 ಕನಿಷ್ಠ. ಅದರ ಎರಡರಷ್ಟು ಇದ್ದರೆ ನನಗೆ ನೆಮ್ಮದಿ. ಐಎಸ್‌ಒ ಏರಿಸಿದ್ದಕ್ಕೆ ಫೋಟೋ ಸ್ವಲ್ಪ ಕಾಳುಕಾಳಾದರೆ ಆಗಲಿ, ಅಲುಗಾಟಕ್ಕಿಂತ ಎಷ್ಟೋ ವಾಸಿ.

ನಿಮ್ಮ ಲೆನ್ಸಿನ ಒಳ್ಳೇ ಜಾಗ ಎಲ್ಲಿದೆ ಅಂತ ನೀವೇ ನೋಡಿ. ಸಾಮಾನ್ಯವಾಗಿ ಪೂರ್ತಿ ತೆರೆದ ಅಪರ್ಚರ್‌ಗಿಂತ ಒಂದೆರಡು ಸ್ಟಾಪ್ ಸಣ್ಣದು ಮಾಡಿದಲ್ಲಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ, ಗೋಡೆಗೆ ಅಂಟಿಸಿದ ನ್ಯೂಸ್‌ಪೇಪರ್ ಅನ್ನು f/5.6ರಿಂದ f/22ರವರೆಗೆ ತೆಗೆದು 100%ಗೆ ಹಿಗ್ಗಿಸಿ ಹೋಲಿಸಿ.

ನಿಮ್ಮ ಹಳೇ ಫೋಟೋಗಳನ್ನೂ ಹಾಗೇ ಹಿಗ್ಗಿಸಿ. ಚುಕ್ಕೆಗಳು ಒಂದೇ ದಿಕ್ಕಿಗೆ ಗೆರೆಯಾಗಿ ಎಳೆದಿದ್ದರೆ ಶಟರ್ ನಿಧಾನ. ಎಲ್ಲಾ ಕಡೆ ಒಂದೇ ಸಮ ಮಂದವಾಗಿದ್ದು ನಂಬರ್ f/16, f/22 ಇದ್ದರೆ ನನ್ನದೇ ಕಥೆ. ಮುಂದಿನ ಗಿಡ ಶಾರ್ಪ್, ಹಿಂದಿನ ಗೋಡೆ ಮಂದ ಅಂದ್ರೆ ಕ್ಯಾಮೆರಾ ತಾನೇ ಫೋಕಸ್ ಆರಿಸಿದೆ. ಆಟೋ ಏರಿಯಾ ಬಿಟ್ಟು ಸಿಂಗಲ್ ಪಾಯಿಂಟ್‌ಗೆ ಹಾಕಿ, ಆ ಪಾಯಿಂಟನ್ನೇ ಬೇಕಾದ ಜಾಗಕ್ಕೆ ಸರಿಸಿ. ನಾನು ಮರುದಿನ ಅದನ್ನು ಒಂದು ಅಕ್ಷರದ ಅಂಚಿನ ಮೇಲೆ ಇಟ್ಟೆ, ನೀಲಿಯೂ ಬಿಳಿಯೂ ಸೇರುವಲ್ಲಿ. ಬಣ್ಣ ಒಂದೇ ಇರುವ ಕಡೆ ಇಟ್ಟರೆ ಫೋಕಸ್ ಹಿಂದೆ ಮುಂದೆ ಹುಡುಕುತ್ತಲೇ ಇರುತ್ತದೆ.