‘ಬಾರಮ್ಮ’ ಅಂದರೆ ಬರಬೇಡ ಅಂತಲಾ?

*ನಾನು ಮಲಯಾಳಂ ಮನೆಮಾತಿನವಳು. ಒಂದು ವರ್ಷದಿಂದ ಕನ್ನಡ ಕಲಿಯುತ್ತಿದ್ದೇನೆ. ಪಕ್ಕದ ಮನೆಯಲ್ಲಿ ಶುಕ್ರವಾರ ಸಂಜೆ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡುತ್ತಾರೆ. ‘ಬಾರದು’ ಅಂದರೆ ಬರುವುದಿಲ್ಲ ಎಂದು ಕಲಿತಿದ್ದೇನೆ, ಹಾಗಾದರೆ ‘ಬಾರಮ್ಮ’ ಏನು? ‘ನಿಕ್ಕುತ’ ಎಂಬ ಪದ ನಿಘಂಟಿನಲ್ಲಿ ಸಿಗಲಿಲ್ಲ. ದೇವಿಯನ್ನು ಬೆಣ್ಣೆಗೆ ಯಾಕೆ ಹೋಲಿಸಿದ್ದಾರೆ? — ಓದುಗರೊಬ್ಬರು, ಕಾಞಂಗಾಡ್*

ಬರಬೇಡ ಅಂತಲ್ಲ, ಬಾ ಅಂತಲೇ. ಆದರೆ ನಿಮ್ಮ ಅನುಮಾನಕ್ಕೆ ಕಾರಣ ಇದೆ. ಮೂಲ ಧಾತು ‘ಬರ್’. ಒಂಟಿಯಾಗಿ ‘ಬಾ’ ಎನ್ನುವಾಗ ಅದರ ರಕಾರ ಬಿದ್ದುಹೋಗುತ್ತದೆ. ಮುಂದೆ ಸ್ವರ ಬಂದರೆ ಮತ್ತೆ ಎದ್ದು ಬರುತ್ತದೆ: ಬಾರ್ + ಅಮ್ಮ, ಬಾರಮ್ಮ. ಬಾರೋ, ಬಾರೇ ಆಗುವುದೂ ಹೀಗೆಯೇ. ನಿಮ್ಮ ಮಲಯಾಳಂನಲ್ಲೂ ಇದೇ ಆಟ ಇದೆಯಲ್ವಾ? ‘ವಾ’ ಅನ್ನುತ್ತೀರಿ, ಸ್ವಲ್ಪ ಮರ್ಯಾದೆಗೆ ‘ವರೂ’ ಅನ್ನುತ್ತೀರಿ. ‘ತಾ’, ‘ತರೂ’ ಕೂಡ ಹಾಗೆಯೇ. ಕನ್ನಡದಲ್ಲಿ ತಾ, ತಾರೋ.

ಇನ್ನು ‘ಬಾರದು’. ಅದರಲ್ಲಿ ‘ಇಲ್ಲ’ ಎಂಬ ಅರ್ಥವನ್ನು ರಕಾರ ಕೊಡುತ್ತಿಲ್ಲ. ಹಳೆಯ ಕನ್ನಡದಲ್ಲಿ ಧಾತುವಿಗೆ ಕಾಲದ ಗುರುತು ಹಚ್ಚದೆ ನೇರವಾಗಿ ‘ಅದು’, ‘ಎನು’ ಸೇರಿಸಿದರೆ ಅದೇ ನಿಷೇಧ: ಬಾರದು, ಬಾರೆನು, ಮಾಡೆನು. ‘ಅಮ್ಮ’ ಅಂಥ ಪ್ರತ್ಯಯವಲ್ಲ, ಕರೆಯುವ ಮಾತು. ಹಾಗಾಗಿ ಧಾತುವಿನ ಬಾಲದಲ್ಲಿ ಯಾರಿದ್ದಾರೆ ಎಂದು ನೋಡಿ, ಗೊತ್ತಾಗುತ್ತದೆ. ದೇವಿಗೆ ‘ಬನ್ನಿ’ ಎನ್ನದೆ ‘ಬಾ’ ಎನ್ನುವುದು ಸಲಿಗೆಯಿಂದ. ಹೆತ್ತ ತಾಯಿಯನ್ನು ಏಕವಚನದಲ್ಲಿ ಕರೆಯುವ ಹಾಗೆ.

‘ಭಾಗ್ಯ’ದಲ್ಲೂ ಒಂದು ಸಣ್ಣ ಗುಂಡಿ ಇದೆ. ಮಲಯಾಳಂನಲ್ಲಿ ‘ಭಾಗ್ಯಂ’ ಅಂದರೆ ಅದೃಷ್ಟ, ಲಾಟರಿಗೆ ‘ಭಾಗ್ಯಕ್ಕುರಿ’ ಎಂದೇ ಹೆಸರು. ಕನ್ನಡದಲ್ಲಿ ಅದೃಷ್ಟ ಎಂಬ ಅರ್ಥದ ಜೊತೆಗೆ ಸಿರಿ, ಸಂಪತ್ತು ಎಂಬ ಅರ್ಥವೂ ಇದೆ. ಹಾಡಿನಲ್ಲಿರುವುದು ಅದು. ಲಾಟರಿ ಲಕ್ಷ್ಮಿಯನ್ನು ಯಾರೂ ಕರೆಯುತ್ತಿಲ್ಲ!

ಈಗ ನೀವು ಸಿಕ್ಕಿಬಿದ್ದ ಚರಣ. ಹಾಡು ಕಟ್ಟಿದ ಪುರಂದರದಾಸರು 16ನೇ ಶತಮಾನದವರು. ಹಾಡು ಬಾಯಿಂದ ಬಾಯಿಗೆ ಬಂದದ್ದರಿಂದ ಪುಸ್ತಕದಿಂದ ಪುಸ್ತಕಕ್ಕೆ ಒಂದೆರಡು ಪದ ಬೇರೆ ಇರುತ್ತವೆ. ಒಂದು ಪಾಠ ಹೀಗಿದೆ:

ಹೆಜ್ಜೆಯ ಮೇಲೊಂದ್ಹೆಜ್ಜೆಯನಿಕ್ಕುತ
ಗೆಜ್ಜೆಯ ಕಾಲಿನ ನಾದವ ತೋರುತ
ಸಜ್ಜನ ಸಾಧು ಪೂಜೆಯ ವೇಳೆಗೆ
ಮಜ್ಜಿಗೆಯೊಳಗಿನ ಬೆಣ್ಣೆಯಂತೆ

‘ನಿಕ್ಕುತ’ ನಿಮಗೆ ನಿಘಂಟಿನಲ್ಲಿ ಸಿಗದಿದ್ದುದು ನಿಮ್ಮ ತಪ್ಪಲ್ಲ. ಕೆಲವು ಭಜನೆ ಪುಸ್ತಕಗಳಲ್ಲಿ ‘ಹೆಜ್ಜೆಯ ನಿಕ್ಕುತ’ ಎಂದು ಒಡೆದು ಅಚ್ಚು ಹಾಕುತ್ತಾರೆ. ಅಂಥ ಪದ ಇಲ್ಲ. ಬಿಡಿಸಿದರೆ ಹೀಗೆ: ಮೇಲೆ + ಒಂದು + ಹೆಜ್ಜೆಯನು + ಇಕ್ಕುತ. ‘ಹೆಜ್ಜೆಯನು’ ಅಂದರೆ ಇಂದಿನ ‘ಹೆಜ್ಜೆಯನ್ನು’. ಕೊನೆಯ ಉಕಾರ ಬಿದ್ದು, ನಕಾರ ಮುಂದಿನ ಪದಕ್ಕೆ ಅಂಟಿಕೊಂಡಿತು. ‘ಇಕ್ಕು’ ಅಂದರೆ ಇಡು. ಇವತ್ತು ನಾವು ‘ಹೆಜ್ಜೆ ಇಡು’ ಎನ್ನುತ್ತೇವೆ. ‘ಉತ’ ಅಂದರೆ ಇಂದಿನ ‘ಉತ್ತಾ’, ಒಂದು ಕೆಲಸ ಮಾಡುತ್ತಲೇ ಇನ್ನೊಂದು ಮಾಡುವುದು. ನೀವು ‘ನಡನ್ನುಕೊಂಡ್’ ಎನ್ನುವುದರ ಹಾಗೆ. ಅಂದರೆ ಒಂದು ಹೆಜ್ಜೆಯ ಮೇಲೆ ಇನ್ನೊಂದು ಹೆಜ್ಜೆ ಇಡುತ್ತಾ, ಅವಸರ ಇಲ್ಲದೆ ಬಾ. ನಮ್ಮ ಕಡೆ ಸೋಣ ತಿಂಗಳಲ್ಲಿ ಹೆಂಗಸರು ಹೊಸ್ತಿಲಿಗೆ ಪೂಜೆ ಮಾಡುವುದನ್ನು ನೀವು ನೋಡಿರಬಹುದು. ಆ ಹೊಸ್ತಿಲನ್ನು ನೆನೆದುಕೊಂಡು ಈ ಸಾಲು ಓದಿ.

ಎರಡನೇ ಸಾಲಿನ ‘ಗೆಜ್ಜೆ’ ನಿಮ್ಮ ‘ಚಿಲಂಕ’. ‘ನಾದವ’ ಅಂದರೆ ನಾದವನ್ನು. ಗೆಜ್ಜೆ ಕಟ್ಟಿದ ಕಾಲಿನ ಸದ್ದು ಕೇಳಿಸುತ್ತಾ ಬಾ ಎಂದರ್ಥ. ಮೂರನೇ ಸಾಲಿನ ‘ವೇಳೆಗೆ’ ಎಂಬುದನ್ನು ‘ವೇಳೆಗಾಗಿ’ ಎಂದು ತಿಳಿಯಬೇಡಿ, ಪೂಜೆ ಶುರುವಾಗುವ ಹೊತ್ತಿಗೆ ಸರಿಯಾಗಿ ಎಂದರ್ಥ. ನಾಲ್ಕನೇ ಸಾಲಿನ ‘ಅಂತೆ’ ನಿಮ್ಮ ‘ಪೋಲೆ’. ‘ಅವರು ಬಂದರಂತೆ’ ಎಂದಾಗ ಬರುವ ‘ಅಂತೆ’ ಬೇರೆ, ಅದು ಕೇಳಿದ ಸುದ್ದಿ. ನಾಮಪದದ ಕೊನೆಗೆ ಸೇರಿದರೆ ಹೆಚ್ಚಾಗಿ ಹೋಲಿಕೆ, ಮುಗಿದ ಕ್ರಿಯಾಪದದ ಕೊನೆಗೆ ಸೇರಿದರೆ ಸುದ್ದಿ.

ಬೆಣ್ಣೆಯ ಮಾತು ಅರ್ಥವಾಗಬೇಕಾದರೆ ಅಡುಗೆಮನೆಗೆ ಹೋಗಬೇಕು. ಬೆಳಗ್ಗೆ ತಂಪಿರುವಾಗ ಮೊಸರಿಗೆ ನೀರು ಹಾಕಿ ಕಡೆಗೋಲಿನಿಂದ (ನಿಮ್ಮಲ್ಲಿ ‘ಕಡಕೋಲ್’) ಕಡೆಯುತ್ತಾರೆ. ಮೊದಲು ಬರೀ ನೊರೆ. ಆಮೇಲೆ ಸಣ್ಣ ಸಣ್ಣ ಕಾಳು. ಸೆಕೆ ಜಾಸ್ತಿಯಾದರೆ ಕಾಳು ಒಟ್ಟಾಗುವುದೇ ಇಲ್ಲ, ಆಗ ಒಂದು ಚೊಂಬು ತಣ್ಣೀರು ಸುರಿಯಬೇಕು. ಒಂದು ಗಳಿಗೆಯಲ್ಲಿ ಇದ್ದಕ್ಕಿದ್ದಂತೆ ಬೆಣ್ಣೆ ಗುಪ್ಪೆಯಾಗಿ ಮೇಲೆ ತೇಲುತ್ತದೆ. ಅದು ಹೊರಗಿನಿಂದ ಬಂದದ್ದಲ್ಲ, ಒಳಗೇ ಇದ್ದದ್ದು. ಕಡೆದ ಮೇಲೆ ಕಾಣಿಸಿತು ಅಷ್ಟೇ. ‘ಒಳಗಿನ’ ಎಂಬ ಪದ ಇಡೀ ಸಾಲನ್ನು ಹೊತ್ತಿದೆ. ಲಕ್ಷ್ಮಿ ಹುಟ್ಟಿದ್ದೇ ಹಾಲ್ಗಡಲನ್ನು ಕಡೆದಾಗ ಎಂಬ ಪುರಾಣದ ಕಥೆಯೂ ಇದರ ಹಿಂದೆ ಇದೆ ಎಂದು ನನಗೆ ಅನ್ನಿಸುತ್ತದೆ. ಉಡುಪಿಯ ಕೃಷ್ಣನ ಕೈಯಲ್ಲೂ ಕಡೆಗೋಲೇ ಇದೆ. ದಾಸರಿಗೆ ಈ ಚಿತ್ರ ದೂರದ್ದಲ್ಲ.

ಮೊಸರು ಎನ್ನದೆ ‘ಮಜ್ಜಿಗೆ’ ಎಂದದ್ದಕ್ಕೆ ಪ್ರಾಸವೂ ಕಾರಣ. ಹೆಜ್ಜೆ, ಗೆಜ್ಜೆ, ಸಜ್ಜನ, ಮಜ್ಜಿಗೆ: ನಾಲ್ಕು ಸಾಲಿನ ಎರಡನೇ ಅಕ್ಷರವೂ ‘ಜ್ಜ’ ಗುಂಪಿನದು. ನೀವು ಶಾಲೆಯಲ್ಲಿ ಓದಿದ ದ್ವಿತೀಯಾಕ್ಷರ ಪ್ರಾಸವೇ ಇದು. ಕೊನೆಯ ಚರಣದಲ್ಲಿ ಸಕ್ಕರೆ, ಅಕ್ಕರೆ, ಚೊಕ್ಕ ಎಂಬವುಗಳ ನಡುವೆ ‘ಶುಕ್ರವಾರ’ ಬರುತ್ತದೆ. ಪ್ರಾಸ ತಪ್ಪಿತಲ್ಲ ಅನ್ನಿಸಬಹುದು. ಆಡುಮಾತಿನಲ್ಲಿ ‘ಶುಕ್ಕುರವಾರ’ ಎಂದು ನೋಡಿ, ಕಿವಿಗೆ ಸರಿಹೋಗುತ್ತದೆ.

ನೀವು ಕೇಳದ ಒಂದು ಪದವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಚರಣದಲ್ಲಿ ಅದು ಖಂಡಿತ ಕಾಲಿಗೆ ತೊಡರುತ್ತದೆ. ‘ಕನಕವೃಷ್ಟಿಯ ಕರೆಯುತ ಬಾರೆ.’ ಚಿನ್ನದ ಮಳೆಯನ್ನು ಕೂಗಿ ಕರೆಯುತ್ತಾ ಬಾ ಎಂದು ಎಷ್ಟೋ ಕನ್ನಡಿಗರೂ ತಿಳಿದಿದ್ದಾರೆ. ಮಲಯಾಳಂ ಕಿವಿಗೆ ‘ಕರಯುಕ’ ಕೇಳಿಸಿ ‘ಅಳುತ್ತಾ ಬಾ’ ಎಂದಾಗಿಬಿಡುತ್ತದೆ, ಅದಂತೂ ಬೇಡ! ಇಲ್ಲಿ ‘ಕರೆ’ ಅಂದರೆ ಸುರಿಸು. ಹಸುವಿನ ಹಾಲು ಕರೆಯುತ್ತೇವಲ್ಲ, ಆ ಕರೆ. ಹಳಗನ್ನಡದಲ್ಲಿ ಕೂಗುವುದು ‘ಕರೆ’, ಸುರಿಸುವುದು ‘ಕಱೆ’. ಎರಡು ಬೇರೆ ರಕಾರ. ನಾವು ಆ ಗಡಸು ಅಕ್ಷರವನ್ನು ಬಿಟ್ಟುಬಿಟ್ಟೆವು, ಎರಡೂ ಒಂದೇ ಆದವು. ನೀವು ಬಿಡಲಿಲ್ಲ. ಅಳುವುದಕ್ಕೆ ‘ಕರಯುಕ’, ಹಾಲು ಹಿಂಡುವುದಕ್ಕೆ ‘ಕಱಕ್ಕುಕ’ ಎಂದು ಇವತ್ತಿಗೂ ಬೇರೆ ಬೇರೆಯಾಗಿ ಉಚ್ಚರಿಸುತ್ತೀರಿ. ಪಕ್ಕದ ಮನೆಯವರಿಗೆ ಈ ಒಂದು ಪದವನ್ನು ನೀವೇ ವಿವರಿಸಬಹುದು.