ಮಾತು ತೊದಲಿದರೆ ಕಾಯಬೇಡಿ, ನೀರು ಸುರಿಯಿರಿ

"ಕಲಬುರಗಿ ಕಡೆ ಬಿಲ್ಡಿಂಗ್ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಬಿಸಿಲಿಗೆ ಒಬ್ಬ ಲೇಬರ್ ಕುಸಿದು ಕೂತರೆ ಅದು ಬರೀ ಸುಸ್ತೋ, ಹೀಟ್ ಸ್ಟ್ರೋಕೋ ಹೇಗೆ ಗೊತ್ತಾಗುತ್ತೆ? ನೀರು ಕುಡಿಸಿದರೆ ಸಾಕಾ?"

ಮೊದಲು ಅವನನ್ನು ಮಾತಾಡಿಸಿ. ನಿನ್ನ ಊರು ಯಾವುದು, ಇವತ್ತು ಯಾವ ವಾರ, ಬೆಳಗ್ಗೆ ಎಲ್ಲಿ ಕೆಲಸ ಮಾಡಿದೆ, ಇಷ್ಟು ಕೇಳಿದರೆ ಸಾಕು. ತಲೆನೋವು, ವಾಕರಿಕೆ, ತಲೆಸುತ್ತು ಇದ್ದರೂ ಉತ್ತರ ಸರಿಯಾಗಿ ಬಂದರೆ ಇನ್ನೂ ಸಮಯ ಇದೆ. ನೆರಳಲ್ಲಿ ಮಲಗಿಸಿ, ಬೂಟು ಬಿಚ್ಚಿ, ಮೈಗೆ ನೀರು ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಕುಡಿಸಿದರೆ ಅರ್ಧ ಗಂಟೆಯಲ್ಲಿ ಅವನು ಚೇತರಿಸಿಕೊಳ್ಳಬೇಕು. ಚೇತರಿಸಿಕೊಳ್ಳದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉತ್ತರ ಅಡ್ಡಾದಿಡ್ಡಿ ಬಂತು, ನಾಲಿಗೆ ತೊದಲಿತು, ನಡೆದರೆ ತೂರಾಡಿದ, ಸುಮ್ನೆ ಸಿಟ್ಟಿಗೆದ್ದ, ಫಿಟ್ಸ್ ಬಂತು ಅಂದರೆ ಅದನ್ನು ಹೀಟ್ ಸ್ಟ್ರೋಕ್ ಅಂತಲೇ ಹಿಡಿಯಿರಿ. ಮೈಯೊಳಗಿನ ಕಾವು 40 ಡಿಗ್ರಿ ದಾಟಿ ಮಿದುಳಿಗೆ ತಟ್ಟಿದೆ ಅಂತ ಅರ್ಥ.

ನಾನು 11 ವರ್ಷದಿಂದ ಸೈಟುಗಳಲ್ಲಿ ಸೇಫ್ಟಿ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಇದನ್ನು ಕಲಿತದ್ದು ನನ್ನ ತಪ್ಪಿನಿಂದಲೇ. ಮೇ ತಿಂಗಳು, ಮೂರನೇ ಮಹಡಿಯ ಸ್ಲ್ಯಾಬಿಗೆ ಕಂಬಿ ಕಟ್ಟುತ್ತಿದ್ದರು. 26ರ ಒಬ್ಬ ಹುಡುಗ ಊರ ಜಾತ್ರೆಗೆ ಅಂತ ಹೋಗಿ 12 ದಿನ ಇದ್ದು ಬಂದಿದ್ದ. ವಾಪಸ್ ಬಂದ ಮೂರನೇ ದಿನ ಅದು. ಯಾವಾಗಲೂ ಎಲ್ಲರನ್ನೂ ನಗಿಸುತ್ತಿದ್ದವನು 11 ಗಂಟೆಯ ಹೊತ್ತಿಗೆ ಮಾತು ನಿಲ್ಲಿಸಿದ್ದ. 12ಕ್ಕೆ ನೋಡಿದರೆ ಕಟ್ಟಿದ ಜಾಗಕ್ಕೇ ಮತ್ತೆ ಬೈಂಡಿಂಗ್ ವೈರ್ ಸುತ್ತುತ್ತಿದ್ದ. ಕೆಳಗೆ ಇಳಿಯುವಾಗ ತೂರಾಡಿದ. ಮೇಸ್ತ್ರಿ "ರಾತ್ರಿ ಹಾಕ್ಯಾನ್ರಿ ಸಾಹೇಬ್ರ, ಇನ್ನೂ ಇಳಿದಿಲ್ಲ" ಅಂದ. ನಾನೂ ನಂಬಿದೆ. ಶೆಡ್ಡಿಗೆ ಹೋಗಿ ಮಲಗು ಅಂತ ಹೇಳಿ ಹೊರಟುಹೋದೆ. ಅದು ತಗಡಿನ ಶೆಡ್ಡು. ಹೊರಗಿಗಿಂತ ಒಳಗೇ ಜಾಸ್ತಿ ಕಾವು.

ಕಾಲು ಗಂಟೆ ಕಳೆದ ಮೇಲೆ ಒಬ್ಬ ಹೆಲ್ಪರ್ ಓಡಿ ಬಂದ: "ಏನೇನೋ ಮಾತಾಡ್ಲಿಕತ್ತಾನ್ರಿ." ಹೋಗಿ ಹೇಗಿದ್ದೀಯ ಅಂದರೆ "ಏನಾಗಿಲ್ರಿ ಸಾಹೇಬ್ರ" ಅಂದ. ಯಾವ ಊರು ನಿಂದು ಅಂದರೆ "ಊಟ ಆತ್ರಿ" ಅಂದ. ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು.

ಆ ಬೆವರೇ ನನ್ನನ್ನು ಮೋಸ ಮಾಡಿದ್ದು. ಹೀಟ್ ಸ್ಟ್ರೋಕ್ ಅಂದರೆ ಚರ್ಮ ಒಣಗಿ, ಬೆವರು ನಿಂತಿರುತ್ತೆ ಅಂತ ನಾವೆಲ್ಲ ಓದಿದ್ದೇವೆ ಅಲ್ವಾ? ಮನೆಯಲ್ಲಿ ಸೆಕೆಗೆ ಬಳಲುವ ವಯಸ್ಸಾದವರಲ್ಲಿ ಹಾಗೆ ಆಗುವುದು ಹೆಚ್ಚು. ಮೈಮುರಿದು ದುಡಿಯುವವನಲ್ಲಿ ಬೆವರು ಸುರಿಯುತ್ತಿರುವಾಗಲೇ ಹೀಟ್ ಸ್ಟ್ರೋಕ್ ಬರಬಹುದು. ದುಡಿಯುವ ಮೈ ಒಳಗಿನಿಂದಲೂ ಕಾವು ಹುಟ್ಟಿಸುತ್ತದೆ, ಅದು ಬೆವರಿನ ಕೈ ಮೀರಿ ಏರುತ್ತದೆ. ಹಣೆಗೋ ಕಂಕುಳಿಗೋ ಇಡುವ ಥರ್ಮಾಮೀಟರನ್ನೂ ನಂಬಬೇಡಿ. ಒಳಗೆ 41 ಇದ್ದಾಗಲೂ ಅದು ಕಡಿಮೆ ತೋರಿಸಬಹುದು.

ಈ ಹಂತದಲ್ಲಿ ಕುಡಿಸುವ ನೀರಿನಿಂದ ಉಪಯೋಗವಿಲ್ಲ. ಪ್ರಜ್ಞೆ ಸರಿ ಇಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಜ್ವರದ ಮಾತ್ರೆ ಕೂಡ ಕೊಡಬೇಡಿ, ಇದು ಜ್ವರ ಅಲ್ಲ, ಮಾತ್ರೆಗೆ ಬಗ್ಗುವುದಿಲ್ಲ. ಒಬ್ಬ 108ಕ್ಕೆ ಫೋನ್ ಮಾಡಲಿ, ಉಳಿದವರು ಆ ಕ್ಷಣದಿಂದಲೇ ಮೈ ತಣ್ಣಗೆ ಮಾಡಲು ಶುರು ಮಾಡಿ. ಮೊದಲ ಅರ್ಧ ಗಂಟೆಯಲ್ಲಿ ಕಾವು ಇಳಿದರೆ ಜೀವ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು. ಬೈಕಿನಲ್ಲಿ ಮಧ್ಯ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರೆ ಆ ಅರ್ಧ ಗಂಟೆ ದಾರಿಯಲ್ಲೇ ಹೋಗುತ್ತದೆ.

ನಾವು ಮಾಡಿದ್ದು ಹೀಗೆ. ಸಿಮೆಂಟಿಗೆ ಹೊದಿಸುವ ತಾಡಪತ್ರಿ ನೆರಳಲ್ಲಿ ಹಾಸಿ ಹುಡುಗನನ್ನು ಮಲಗಿಸಿದೆವು. ಒಳಚಡ್ಡಿ ಬಿಟ್ಟು ಉಳಿದ ಬಟ್ಟೆ ಬಿಚ್ಚಿದೆವು. ನಾಲ್ಕು ಜನ ನಾಲ್ಕೂ ಅಂಚು ಎತ್ತಿ ಹಿಡಿದರೆ ತಾಡಪತ್ರಿಯೇ ತೊಟ್ಟಿಯಾಗುತ್ತದೆ. ಅದಕ್ಕೆ ಬಕೆಟ್ ಬಕೆಟ್ ನೀರು ಸುರಿದೆವು. ಮೇಲಿನ ಸಿಂಟೆಕ್ಸ್ ನೀರು ಮೇ ತಿಂಗಳಲ್ಲಿ ಚಹಾ ಕಾಸುವಷ್ಟು ಬಿಸಿ ಇರುತ್ತೆ, ಅದನ್ನು ಮುಟ್ಟಬೇಡಿ. ಸಂಪಿನಿಂದ ಎತ್ತಿ, ಇಲ್ಲವೇ ಬೋರ್ ಚಾಲೂ ಮಾಡಿ ನೇರವಾಗಿ ಹಿಡಿಯಿರಿ. ಸೋಡಾ ಅಂಗಡಿಯಿಂದ ಐಸ್ ಸಿಕ್ಕರೆ ಆ ನೀರಿಗೇ ಹಾಕಿ. ಒಬ್ಬ ತಲೆ ಎತ್ತಿ ಹಿಡಿದುಕೊಂಡೇ ಇರಬೇಕು. ಮತ್ತೊಬ್ಬ ಸೆಂಟ್ರಿಂಗ್ ಶೀಟಿನ ತುಂಡಿನಿಂದ ಗಾಳಿ ಹಾಕಲಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಸಂಪಿಗೇ ಇಳಿಸುವ ಯೋಚನೆ ಮಾತ್ರ ಬೇಡ, ಮುಳುಗಿ ಹೋಗುತ್ತಾನೆ.

ಬಿಸಿಲಲ್ಲಿ ಕಾದ ಮೈಗೆ ತಣ್ಣೀರು ಹಾಕಿದರೆ ಸನ್ನಿ ಹಿಡಿಯುತ್ತೆ ಅಂತ ಒಬ್ಬ ಹಿರಿಯರು ಅಡ್ಡ ಬಂದರು. ಇಂಥವರು ಪ್ರತಿ ಸೈಟಿನಲ್ಲೂ ಇರುತ್ತಾರೆ. ವಾದ ಮಾಡುತ್ತಾ ನಿಲ್ಲಬೇಡಿ, ಗಾಳಿ ಹಾಕುವ ಕೆಲಸ ಅವರಿಗೇ ಕೊಡಿ. ಸುಮಾರು 15 ನಿಮಿಷಕ್ಕೆ ಹುಡುಗನಿಗೆ ನಡುಕ ಬಂತು, ನನ್ನ ಹೆಸರು ಹಿಡಿದು ಕರೆದ. ಆಗ ನಿಲ್ಲಿಸಿದೆವು. ಆಂಬುಲೆನ್ಸ್ ಬಂದದ್ದು ಅದಾದ ಮೇಲೆ.

ಅವನಿಗೇ ಯಾಕೆ ಹೀಗಾಯಿತು? ಜೊತೆಯಲ್ಲಿದ್ದ ಎಂಟು ಜನಕ್ಕೆ ಏನೂ ಆಗಲಿಲ್ಲ. ಬಿಸಿಲಲ್ಲಿ ದುಡಿಯಲು ಮೈ ಒಗ್ಗುವುದಕ್ಕೆ ಒಂದೆರಡು ವಾರ ಬೇಕು. ವಾರಕ್ಕಿಂತ ಹೆಚ್ಚು ಬಿಟ್ಟರೆ ಆ ಒಗ್ಗಿಕೆ ಇಳಿಯಲು ಶುರುವಾಗುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ಲೆಕ್ಕದಲ್ಲಿ ಹೊರಗೆ ದುಡಿಯುವವರ ಹೀಟ್ ಸಾವುಗಳಲ್ಲಿ ನೂರಕ್ಕೆ 50ರಿಂದ 70ರಷ್ಟು ಆಗುವುದು ಕೆಲಸದ ಮೊದಲ ಕೆಲವೇ ದಿನಗಳಲ್ಲಿ. ಆದ್ದರಿಂದ ಹೊಸಬನಿಗೆ ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲಿ ಒಂದು ಪಾಲು ಮಾತ್ರ ಕೊಡಿ, ದಿನಕ್ಕೆ ಅಷ್ಟಷ್ಟೇ ಏರಿಸಿ. ಊರಿಗೆ ಹೋಗಿ ಬಂದ ಹಳಬನಾದರೆ ಅರ್ಧದಿಂದ ಶುರು ಮಾಡಿ. ಮುಸ್ಟರ್ ರೋಲಿನಲ್ಲಿ ಅಂಥವರ ಹೆಸರಿನ ಮುಂದೆ ಕೆಂಪು ಚುಕ್ಕೆ ಇಡುವುದು ಈಗ ನನಗೆ ಅಭ್ಯಾಸ. ರಾತ್ರಿ ಕುಡಿದವರು, ಭೇದಿ ಆಗುತ್ತಿರುವವರು, ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ನುಂಗುವವರ ಮೇಲೂ ಕಣ್ಣಿಡಿ.

ನೀರಿನ ಮಾತಿಗೆ ಬಂದರೆ, 15-20 ನಿಮಿಷಕ್ಕೊಂದು ಲೋಟ, ಅಂದರೆ 250 ಎಂಎಲ್. ಗಂಟೆಗೆ ಒಂದು ಲೀಟರ್ ಅಂತ ಹಿಡಿಯಿರಿ. 20 ಜನಕ್ಕೆ ಬೆಳಗ್ಗೆ 7ರಿಂದ 12ರವರೆಗೆ 100 ಲೀಟರ್, ದೊಡ್ಡ ಕ್ಯಾನು ಐದು. ನಿಮ್ಮ ಸೈಟಿನಲ್ಲಿ ಎಷ್ಟು ಇವೆ, ಎಣಿಸಿ ನೋಡಿ. ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಮೂತ್ರ ಬೇಗ ಹೇಳುತ್ತದೆ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಆಯಿತು, ಬೆಳಗ್ಗೆಯಿಂದ ಹೋಗಿಯೇ ಇಲ್ಲ, ಕಾಲಿನ ಮಾಂಸಖಂಡ ಹಿಡಿದುಕೊಂಡಿತು ಅಂದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಗಂಟೆಗಟ್ಟಲೆ ಬೆವರುವವರಿಗೆ ನಡುನಡುವೆ ಮಜ್ಜಿಗೆಗೆ ಉಪ್ಪು ಹಾಕಿ ಕೊಡಿ, ಇಲ್ಲವೇ ಒಂದು ಲೀಟರಿಗೆ ಒಂದು ಪೊಟ್ಟಣದಂತೆ ಓಆರ್‌ಎಸ್ ಕಲಸಿ ಕೊಡಿ. ಒಳ್ಳೆಯದು ಅಂತ ಗಂಟೆಗೆ ಒಂದೂವರೆ ಲೀಟರ್ ದಾಟಿಸಬೇಡಿ, ರಕ್ತದಲ್ಲಿ ಉಪ್ಪು ಕಡಿಮೆಯಾಗಿ ಅದೇ ಬೇರೆ ಕಾಯಿಲೆಯಾಗುತ್ತದೆ. ಹೆಂಗಸರು ನೀರು ಕುಡಿಯುವುದಿಲ್ಲ ಅಂತ ದೂರುವ ಮೊದಲು ಅವರಿಗೆ ಹೋಗಲು ಒಂದು ಮರೆ ಇದೆಯಾ ನೋಡಿ.

ಆ ಹುಡುಗ ಸಂಜೆಯ ಹೊತ್ತಿಗೆ ಎದ್ದು ಕೂತು ಮನೆಗೆ ಹೋಗುತ್ತೇನೆ ಅಂದ. ಡಾಕ್ಟರು ಬಿಡಲಿಲ್ಲ. ಮರುದಿನ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಕಾವಿಗೆ ಒಡೆದ ಮಾಂಸಖಂಡದ ಅಂಶ ಕಿಡ್ನಿಗೆ ಇಳಿದಿತ್ತು. ಐದು ದಿನ ಸಲೈನ್ ಹಾಕಿಸಿಕೊಂಡು ಹೊರಬಂದ. ಚೇತರಿಸಿಕೊಂಡಂತೆ ಕಂಡರೂ ಆಂಬುಲೆನ್ಸನ್ನು ಖಾಲಿ ವಾಪಸ್ ಕಳಿಸಬೇಡಿ.