`hi` ಎಂದವರಿಗೆ ಹೇಗೆ, `Good morning` ಎಂದವರಿಗೆ ಹೇಗೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಸೀರೆ ಅಂಗಡಿ ಇದೆ. ವಾಟ್ಸ್ಆ್ಯಪ್‌ನಲ್ಲಿ ಒಬ್ಬರು ಸಣ್ಣ ಅಕ್ಷರದಲ್ಲಿ `hi` ಎಂದಷ್ಟೇ ಬರೆಯುತ್ತಾರೆ, ಇನ್ನೊಬ್ಬರು `Good morning Sir` ಎಂದು ಶುರುಮಾಡಿ ಪತ್ರದಂತೆ ಬರೆಯುತ್ತಾರೆ. ಅವರವರ ಧಾಟಿಯಲ್ಲೇ ಉತ್ತರಿಸಬೇಕೇ, ಎಲ್ಲರಿಗೂ ಒಂದೇ ಉತ್ತರ ಸಾಕೇ?

ಉತ್ತರ: ನಮ್ಮ ಮನೆಯವರು ಧಾರವಾಡದಲ್ಲಿ ಕಸೂತಿ ಸೀರೆಗಳನ್ನು ಮಾಡಿಸಿ ಮಾರುತ್ತಾರೆ. ಗಿರಾಕಿಗಳ ಸಂದೇಶಗಳಿಗೆ ಒಂಬತ್ತು ವರ್ಷಗಳಿಂದ ಉತ್ತರ ಬರೆಯುತ್ತಿರುವವಳು ನಾನು. ಧಾಟಿ ಹೊಂದಿಸಲೇಬೇಕು ಎಂದು ನನ್ನ ಅಭಿಪ್ರಾಯ. ಆದರೆ ಹೊಂದಿಸಬೇಕಾದದ್ದು ಉಪಚಾರವನ್ನು ಮಾತ್ರ, ಮರ್ಯಾದೆಯನ್ನಲ್ಲ.

ಇವೆರಡೂ ಕನ್ನಡದಲ್ಲಿ ಬೇರೆ ಬೇರೆ ಜಾಗದಲ್ಲಿ ಕೂತಿರುತ್ತವೆ. ನಮಸ್ಕಾರ, ಸರ್, ಕ್ಷೇಮ ವಿಚಾರಣೆ, ಉದ್ದ ವಾಕ್ಯ, ಕೊನೆಯ ಧನ್ಯವಾದ ಇವೆಲ್ಲ ಉಪಚಾರ. ಮರ್ಯಾದೆ ಇರುವುದು ಕ್ರಿಯಾಪದದ ತುದಿಯಲ್ಲಿ ಮತ್ತು ಸರ್ವನಾಮದಲ್ಲಿ: ಹೇಳು ಅಲ್ಲ, ಹೇಳಿ, ನೀನು ಅಲ್ಲ, ನೀವು. ನಮ್ಮ ಕಡೆ ಮಾತಿನಲ್ಲಿ ಇದರ ಜೊತೆಗೆ ಒಂದು ‘ರೀ’ ಸೇರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ `you`. ಹಾಗಾಗಿ ಅಲ್ಲಿ ಗೌರವ ತೋರಿಸಲು ಉಪಚಾರದ ಮಾತುಗಳನ್ನೇ ಬಹುಮಟ್ಟಿಗೆ ನೆಚ್ಚಬೇಕಾಗುತ್ತದೆ, ಉಪಚಾರ ಕಡಿಮೆಯಾದರೆ ಗೌರವವೂ ಕಡಿಮೆಯಾದಂತೆ ಕಾಣುವ ಅಪಾಯ ಇರುತ್ತದೆ. ಕನ್ನಡದಲ್ಲಿ ‘ಹೇಳಿ’ ಎಂಬ ಒಂದೇ ಪದ ಬರೆದರೂ ಉಪಚಾರವಿಲ್ಲದೆ ಪೂರ್ತಿ ಮರ್ಯಾದೆ ಸಲ್ಲುತ್ತದೆ. `hi` ಎಂದವರಿಗೆ ಎಷ್ಟು ಚಿಕ್ಕದಾಗಿ ಬರೆದರೂ ಅವರನ್ನು ಕಡೆಗಣಿಸಿದಂತೆ ಆಗದಿರುವುದು ಇದರಿಂದಲೇ.

ಸಣ್ಣ ಅಕ್ಷರದ ವಿಷಯಕ್ಕೆ ನಾನು ಬೆಲೆ ಕೊಡುವುದಿಲ್ಲ. ಹೆಚ್ಚಿನ ಮೊಬೈಲ್‌ಗಳಲ್ಲಿ ವಾಕ್ಯದ ಮೊದಲ ಅಕ್ಷರ ತಾನಾಗಿಯೇ ದೊಡ್ಡದಾಗುತ್ತದೆ. ಆಗದಿದ್ದರೆ ಬರೆದವರು ಆ ಸೌಲಭ್ಯವನ್ನು ತೆಗೆದುಹಾಕಿರಬಹುದು, ಬೇರೆ ಕೀಲಿಮಣೆ ಹಾಕಿಕೊಂಡಿರಬಹುದು, ಕಂಪ್ಯೂಟರಿನಿಂದ ಬರೆದಿರಬಹುದು. ಸಲಿಗೆಯೂ ಇರಬಹುದು, ಅವಸರವೂ ಇರಬಹುದು. ಒಂದು ಅಕ್ಷರದ ಗಾತ್ರ ನೋಡಿ ಮನುಷ್ಯರ ಸ್ವಭಾವ ಹೇಳಲಾಗುವುದಿಲ್ಲ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದ ನಮ್ಮ ಲಿಪಿಯಲ್ಲಿ ಅದನ್ನು ಅನುಕರಿಸಲು ದಾರಿಯೂ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು ಆ ಸಂದೇಶ ಯಾವ ಕೆಲಸಕ್ಕೆ ಬಂದಿದೆ ಎಂಬುದು. ಬರೀ `hi` ಎಂದರೆ ಕದ ತಟ್ಟಿದ ಹಾಗೆ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಅವರು ನೋಡುತ್ತಿದ್ದಾರೆ, ವಿಷಯ ಇನ್ನೂ ಅವರ ಕೈಯಲ್ಲೇ ಇದೆ. `Good morning Sir` ಎಂದು ಬರೆದು ಕೆಳಗೆ ಹತ್ತು ಸಾಲು ಬರೆದವರು ಆಗಲೇ ಒಳಗೆ ಬಂದು, ಕೂತು, ಬಂದ ಕೆಲಸ ಹೇಳಿ ಮುಗಿಸಿದ್ದಾರೆ. ಕದ ತಟ್ಟಿದವರಿಗೆ ‘ಬನ್ನಿ’ ಎನ್ನಬೇಕು. ಹೇಳಿ ಮುಗಿಸಿದವರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ ಎಂದು ತೋರಿಸಬೇಕು.

ಇದು ತಿಳಿಯದೆ ಮೊದಲ ಎರಡು ವರ್ಷ ನಾನು ಎಲ್ಲರಿಗೂ ಒಂದೇ ಸಿದ್ಧ ಉತ್ತರ ಕಳಿಸುತ್ತಿದ್ದೆ: ‘ನಮ್ಮನ್ನು ಸಂಪರ್ಕಿಸಿದ್ದಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳು. ತಮಗೆ ಯಾವ ರೀತಿಯ ಸೇವೆ ಬೇಕು ಎಂದು ದಯವಿಟ್ಟು ತಿಳಿಸಿ.’ `hi` ಎಂದವರು ಇದನ್ನು ಯಂತ್ರ ಕಳಿಸಿದ್ದೆಂದು ತಿಳಿದು ಮುಂದೆ ಬರೆಯುತ್ತಲೇ ಇರಲಿಲ್ಲ. ಇನ್ನೊಂದು ಕಡೆ, ಎಲ್ಲವನ್ನೂ ವಿವರವಾಗಿ ಬರೆದವರಿಗೆ ‘ಏನು ಬೇಕು ತಿಳಿಸಿ’ ಎಂದು ಕೇಳಿದಂತಾಗುತ್ತಿತ್ತು. ಗದಗದ ಒಬ್ಬ ಹಿರಿಯರು ‘ಮೇಲೆಯೇ ತಿಳಿಸಿದ್ದೇನೆ’ ಎಂದು ಎರಡೇ ಪದ ಬರೆದು ಸುಮ್ಮನಾದರು. ಅಷ್ಟು ಉಪಚಾರದ ಮಾತುಗಳಿದ್ದರೂ ಅವರ ಸಂದೇಶವನ್ನು ನಾನು ಓದಿಲ್ಲ ಎಂಬುದು ಎದ್ದು ಕಾಣುತ್ತಿತ್ತು.

ಈಗ ಹೇಗೆ ಮಾಡುತ್ತೇನೆ ಎಂಬುದಕ್ಕೆ ಕಳೆದ ಶ್ರಾವಣದ ಒಂದು ಬೆಳಗನ್ನೇ ಹೇಳುತ್ತೇನೆ. ಒಂಬತ್ತೂ ಹತ್ತಕ್ಕೆ ಒಂದು `hi` ಬಂತು. ಹೆಸರಿಲ್ಲ, ಊರಿಲ್ಲ. ನಾನು ಬರೆದದ್ದು ಇಷ್ಟು: ‘ನಮಸ್ಕಾರ. ಹೇಳಿ, ಯಾವ ಸೀರೆ ನೋಡಬೇಕಿತ್ತು?’ ಇದರಲ್ಲಿ ಸರ್ ಎಂದೂ ಮೇಡಂ ಎಂದೂ ಇಲ್ಲ, ಏಕೆಂದರೆ ಬರೆದವರು ಯಾರೆಂದು ನನಗೆ ಗೊತ್ತಿರಲಿಲ್ಲ. ‘ಹಾಯ್’ ಎಂದೂ ಬರೆಯಲಿಲ್ಲ. ‘ನಮಸ್ಕಾರ’ ಯಾವ ವಯಸ್ಸಿನವರಿಗೂ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಕೂಡಲೇ ಎರಡನೆಯ ಸಂದೇಶ ಬಂತು: `ilkal kasuti ide?` ಕನ್ನಡವೇ, ಇಂಗ್ಲಿಷ್ ಅಕ್ಷರದಲ್ಲಿ, ಮೂರೇ ಪದ. ಅವರ ನಡಿಗೆ ಏನೆಂದು ನನಗೆ ತಿಳಿದದ್ದು ಈ ಎರಡನೆಯ ಸಂದೇಶದಿಂದ. ‘ಇದೆ. ಹತ್ತಿಯದೋ ರೇಷ್ಮೆಯದೋ?’ ಎಂದೆ. ‘ಹತ್ತಿ’ ಎಂದರು. ನಾಲ್ಕು ಚಿತ್ರ ಕಳಿಸಿ, ಪ್ರತಿಯೊಂದರ ಕೆಳಗೆ ಬೆಲೆ ಬರೆದೆ. ಗವಂತಿ ಹೊಲಿಗೆ ಯಾವುದು, ಮುರಗಿ ಯಾವುದು ಎಂದು ವಿವರಿಸಲು ಹೋಗಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಹತ್ತು ನಿಮಿಷದಲ್ಲಿ ಒಂದು ಸೀರೆ ಆರಿಸಿಕೊಂಡರು.

ಅದೇ ಹೊತ್ತಿಗೆ ಇನ್ನೊಂದು ಸಂದೇಶ ಬಂದಿತ್ತು. `Good morning Sir` ಎಂದು ಶುರುವಾಗಿ ಉಳಿದದ್ದೆಲ್ಲ ಅಚ್ಚುಕಟ್ಟಾದ ಕನ್ನಡದಲ್ಲಿತ್ತು. ತಮ್ಮ ಹೆಸರು, ಊರು, ನಿವೃತ್ತರೆಂಬುದು, ಮಗಳ ಮದುವೆ ಕಾರ್ತಿಕದಲ್ಲಿ ಇರುವುದು ಎಲ್ಲವನ್ನೂ ತಿಳಿಸಿ ಮೂರು ಪ್ರಶ್ನೆ ಕೇಳಿದ್ದರು: ಸೆರಗಿನ ಮೇಲೆ ಗೋಪುರ ಮತ್ತು ತುಳಸಿಕಟ್ಟೆ ತೆಗೆದುಕೊಡುವಿರಾ, ಎಷ್ಟು ದಿನ ಬೇಕು, ಮುಂಗಡ ಎಷ್ಟು. ಇದಕ್ಕೆ ನಾನು ನಾಲ್ಕು ಚಿತ್ರ ಎಸೆದಿದ್ದರೆ ಅವರು ಖಂಡಿತ ನೊಂದುಕೊಳ್ಳುತ್ತಿದ್ದರು. ಹೀಗೆ ಬರೆದೆ: ‘ನಮಸ್ಕಾರ ಸರ್. ಮಗಳ ಮದುವೆ ನಿಶ್ಚಯವಾಗಿರುವುದು ತಿಳಿದು ಸಂತೋಷವಾಯಿತು. ಗೋಪುರ, ತುಳಸಿಕಟ್ಟೆ ಎರಡನ್ನೂ ಸೆರಗಿನ ಮೇಲೆ ತೆಗೆಯಬಹುದು. ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಕೈಯಿಂದಲೇ ಹಾಕಬೇಕಾದ್ದರಿಂದ ಆರು ವಾರ ಬೇಕಾಗುತ್ತದೆ. ಮುಂಗಡವಾಗಿ ಅರ್ಧ ಹಣ ಕೊಟ್ಟರೆ ಸಾಕು. ತಾವು ಒಪ್ಪಿದರೆ ವಿನ್ಯಾಸವನ್ನು ಮೊದಲು ಕಾಗದದ ಮೇಲೆ ಬರೆದು ತೋರಿಸುತ್ತೇನೆ.’ ಅವರು ಕೇಳಿದ ಕ್ರಮದಲ್ಲೇ ಮೂರಕ್ಕೂ ಉತ್ತರವಿದೆ. ಅವರು ನಮಸ್ಕರಿಸಿದ್ದಕ್ಕೆ ನಮಸ್ಕಾರವಿದೆ, ಹೇಳಿಕೊಂಡ ಸಂತೋಷದ ಸುದ್ದಿಗೆ ಒಂದು ವಾಕ್ಯವಿದೆ. ಅವರು ನನ್ನನ್ನು ಸರ್ ಎಂದದ್ದನ್ನು ತಿದ್ದಲು ಹೋಗದೆ ಕೊನೆಯಲ್ಲಿ ನನ್ನ ಹೆಸರು ಬರೆದೆ. ಮುಂದಿನ ಸಂದೇಶದಲ್ಲಿ ಅವರೇ ಮೇಡಂ ಎಂದರು.

ಇಲ್ಲಿ ಒಂದು ಸಣ್ಣ ಮಾತು. `Good morning` ಎಂದು ಬೆಳಗ್ಗೆ ಬಂದ ಸಂದೇಶಕ್ಕೆ ಮಧ್ಯಾಹ್ನ ಮೂರಕ್ಕೆ ಉತ್ತರಿಸುವಾಗ ಶುಭೋದಯ ಎಂದರೂ ತಪ್ಪು, `Good afternoon` ಎಂದರೆ ತಡವಾದದ್ದನ್ನು ನಾವೇ ಎತ್ತಿ ತೋರಿಸಿದ ಹಾಗೆ. ನಮಸ್ಕಾರಕ್ಕೆ ಹೊತ್ತಿನ ಹಂಗಿಲ್ಲ.

ಮೊದಲ ಪದ ನೋಡಿ ಸಲಿಗೆ ತೆಗೆದುಕೊಂಡು ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಹಾವೇರಿಯಿಂದ ಒಂದು `hi` ಬಂದಾಗ, ಯಾರೋ ಕಾಲೇಜಿನ ಹುಡುಗಿ ಎಂದುಕೊಂಡು ‘ಹಾಯ್, ಏನು ಬೇಕಿತ್ತು, ಹೇಳು’ ಎಂದು ಬರೆದು ಒಂದು ನಗುವ ಮುಖ ಹಾಕಿದೆ. ಆ ಕಡೆ ಇದ್ದವರು ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ, ಊರಿನ ದೊಡ್ಡವರೂ ಅವರಿಗೆ ಬಹುವಚನದಲ್ಲೇ ಮಾತನಾಡುತ್ತಾರೆ. ಮೊಬೈಲಿನಲ್ಲಿ ಕನ್ನಡ ಬರೆಯುವುದು ಅವರಿಗೆ ಇನ್ನೂ ಬರುತ್ತಿರಲಿಲ್ಲ, ಮೊಮ್ಮಗ ಕಲಿಸಿದ ಎರಡೇ ಅಕ್ಷರ ಒತ್ತಿ ಕಾಯುತ್ತಿದ್ದರು. ಅರ್ಧ ಗಂಟೆಯ ಮೇಲೆ ಫೋನ್ ಮಾಡಿ, ‘ನೀವು ಯಾರೊಂದಿಗೆ ಹೀಗೆ ಮಾತನಾಡುತ್ತಿದ್ದೀರಿ ಎಂದು ಗೊತ್ತಿದೆಯೇ?’ ಎಂದು ಶಾಂತವಾಗಿಯೇ ಕೇಳಿದರು. ಅವರು ನನಗೆ ನೀವು ಎಂದರು, ನಾನು ಅವರಿಗೆ ‘ಹೇಳು’ ಎಂದಿದ್ದೆ. ಕ್ಷಮೆ ಕೇಳಿದೆ. ಈಗಲೂ ನೆನೆದರೆ ಮನಸ್ಸು ಚುರ್ ಎನ್ನುತ್ತದೆ. ಅಂದಿನಿಂದ ಅಪರಿಚಿತರಿಗೆ ಏಕವಚನ ಬರೆದಿಲ್ಲ.

ಇದಕ್ಕೆ ವಿರುದ್ಧವಾದದ್ದೂ ಉಂಟು. `Good morning Madam` ಎಂದು ಶುರುಮಾಡಿದ ಹುಡುಗನೊಬ್ಬ ಮೂರನೆಯ ಸಂದೇಶಕ್ಕೆ `ok`, `done` ಎಂದು ಇಳಿದಿದ್ದ. ಅವನ ಶುಭೋದಯ ನೌಕರಿಯ ಅಭ್ಯಾಸವಷ್ಟೇ ಆಗಿತ್ತು. ನಾನು ಮಾತ್ರ ತಾವು, ತಮ್ಮ ಎಂದು ಪತ್ರ ಬರೆಯುತ್ತಲೇ ಇದ್ದೆ. ಅವನಿಗೆ ಅದು ಮುಜುಗರವಾದದ್ದು ಅವನ ಉತ್ತರಗಳು ಇನ್ನಷ್ಟು ಚಿಕ್ಕದಾದಾಗ ತಿಳಿಯಿತು. ಎದುರಿನವರು ಇಳಿದಾಗ ನಾವೂ ಒಂದು ಮೆಟ್ಟಿಲು ಇಳಿಯಬೇಕು: ‘ತಾವು’ ಹೋಗಿ ‘ನೀವು’ ಬರಲಿ, ಧನ್ಯವಾದಗಳ ಸಾಲು ಹೋಗಲಿ. ‘ನೀವು’ ಎಂಬುದು ಕೊನೆಯ ಮೆಟ್ಟಿಲು.

ಮಾತಿನಲ್ಲಿ ಜನ ಒಬ್ಬರಿಗೊಬ್ಬರು ಹತ್ತಿರವಾಗುವುದನ್ನು ಹೊವಾರ್ಡ್ ಗೈಲ್ಸ್ ಎಂಬ ವಿದ್ವಾಂಸರು 1970ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಹೊಂದಾಣಿಕೆ ಅತಿಯಾದರೆ ಎದುರಿನವರಿಗೆ ಅದು ಅನುಕರಣೆಯಂತೆಯೋ ತಮ್ಮನ್ನು ಕೀಳಾಗಿ ಕಂಡಂತೆಯೋ ತೋರಬಹುದು ಎಂಬುದೂ ಆ ಅಧ್ಯಯನದ ಭಾಗ. ಗಿರಾಕಿ `hiii` ಎಂದರೆ ನಾವೂ ‘ಹಾಯ್‌ಯ್‌ಯ್’ ಎನ್ನುವುದು, ಅವರ ಕಾಗುಣಿತದ ತಪ್ಪನ್ನು ನಾವೂ ಬರೆಯುವುದು ಇಂಥದ್ದು. ಅವರ ವೇಗ ಮತ್ತು ಉದ್ದವನ್ನು ತೆಗೆದುಕೊಳ್ಳಿ, ಅವರ ದನಿಯನ್ನಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಯಾರ ಧಾಟಿಯನ್ನೂ ಹೊಂದಿಸುವುದಿಲ್ಲ. ಸೀರೆ ತಡವಾದಾಗ, ಬಣ್ಣ ಬಿಟ್ಟಾಗ, ಹಣ ಹಿಂದಿರುಗಿಸಬೇಕಾದಾಗ, ತಿಂಗಳುಗಟ್ಟಲೆ ನನ್ನೊಡನೆ ನಗುವ ಮುಖಗಳಲ್ಲೇ ಮಾತನಾಡಿದವರಿಗೂ ಪೂರ್ತಿ ವಾಕ್ಯಗಳಲ್ಲಿ ಬರೆಯುತ್ತೇನೆ: ‘ಸೋಮವಾರ ಕೊಡುತ್ತೇನೆಂದು ಹೇಳಿದ್ದೆ, ಆಗಲಿಲ್ಲ. ಕಸೂತಿ ಹಾಕುವವರಿಗೆ ಜ್ವರ. ಗುರುವಾರ ಸಂಜೆ ತಲುಪಿಸುತ್ತೇನೆ, ಕ್ಷಮಿಸಿ.’ ನಷ್ಟ ಅವರದು, ಅಲ್ಲಿ ಹಗುರ ಮಾತು ಸಲ್ಲದು.

ನಿಮ್ಮ ಅಂಗಡಿಗೂ ಮದುವೆ ಮನೆಯವರ ವಾಟ್ಸ್ಆ್ಯಪ್ ಗುಂಪುಗಳಿಂದ ಸಂದೇಶಗಳು ಬರುತ್ತಿರಬಹುದು. ಅದರಲ್ಲಿ ಸೊಸೆ `hi` ಎನ್ನುತ್ತಾಳೆ, ಮಾವ `Good morning` ಎನ್ನುತ್ತಾರೆ, ಉತ್ತರವನ್ನು ಇಬ್ಬರೂ ಓದುತ್ತಾರೆ. ಆಗ ನಮಸ್ಕಾರವನ್ನು ಹಿರಿಯರ ಅಳತೆಗೆ ಬರೆಯಿರಿ, ವಿಷಯವನ್ನು ಕಿರಿಯರ ಅಳತೆಗೆ: ‘ನಮಸ್ಕಾರ ಸರ್, ನಮಸ್ಕಾರ ಅಕ್ಕಾ. ಹಸಿರು ಸೀರೆ ಸಿದ್ಧವಿದೆ. ಕೆಂಪು ಶನಿವಾರ ಬರುತ್ತದೆ. ಎರಡರ ಚಿತ್ರವೂ ಕೆಳಗಿದೆ.’ ಸೊಸೆ ಆ ಚಿತ್ರದ ಮೇಲೆ ಹೃದಯದ ಗುರುತು ಒತ್ತಿದರೆ ಅದಕ್ಕೆ ಬೇರೆ ಉತ್ತರ ಬೇಕಿಲ್ಲ. ಮಾವ ‘ಧನ್ಯವಾದಗಳು’ ಎಂದು ಬರೆದರೆ ‘ಸಂತೋಷ ಸರ್’ ಎಂದು ಬರೆದುಬಿಡಿ.